ನರಸಾಪುರದ ಕಂಪನಿ ಹೆಸರಲ್ಲಿ ಆಫರ್ ಲೆಟರ್, ಡೆಪಾಸಿಟ್ ₹5,900 ಕಟ್ಟಿ ಅಂತಿದಾರೆ. ನಂಬಬಹುದಾ?

ಅಂತರಗಂಗೆ
ತಮ್ಮನ ವಿಷಯ, ದಯವಿಟ್ಟು ಗೊತ್ತಿರೋರು ಹೇಳಿ. ಡಿಪ್ಲೊಮಾ ಮೆಕ್ಯಾನಿಕಲ್ ಮುಗಿಸಿದಾನೆ. ಒಂದು ಜಾಬ್ ಸೈಟಲ್ಲಿ ರೆಸ್ಯೂಮೆ ಹಾಕಿದ್ದ. ಮೂರನೇ ದಿನಕ್ಕೆ ಒಬ್ಬರು ಫೋನ್ ಮಾಡಿ "ನಿಮ್ಮ ರೆಸ್ಯೂಮೆ ಸ್ಕೋರ್ ನೂರಕ್ಕೆ 34, ಕಂಪನಿಯವರ ಕಂಪ್ಯೂಟರೇ ತಳ್ಳಿಹಾಕುತ್ತೆ, ನಾವು ಸರಿ ಮಾಡ್ಕೊಡ್ತೀವಿ, ಮೂರು ಇಂಟರ್‌ವ್ಯೂ ಗ್ಯಾರಂಟಿ" ಅಂದ್ರು. ₹1,499ಕ್ಕೆ ಜಿಎಸ್‌ಟಿ ಸೇರಿಸಿ ₹1,769 ಕಟ್ಟಿದ. ಹನ್ನೆರಡು ದಿನ ಬಿಟ್ಟು ಬೇರೆ ನಂಬರಿಂದ ವಾಟ್ಸಾಪ್ ಕಾಲ್, ಹತ್ತು ನಿಮಿಷದ ಇಂಟರ್‌ವ್ಯೂ, ಅವತ್ತೇ ಸಂಜೆ ಮೇಲ್‌ಗೆ ಆಫರ್ ಲೆಟರ್. ನರಸಾಪುರದ ಒಂದು ದೊಡ್ಡ ಫ್ಯಾಕ್ಟರಿ ಹೆಸರು, ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸ, ತಿಂಗಳಿಗೆ ₹27,500. ರಿಜಿಸ್ಟ್ರೇಷನ್ ಅಂತ ₹1,180 ಕಟ್ಟಿಯೂ ಆಯ್ತು. ಈಗ "ವಾಪಸ್ ಕೊಡುವ ಸೆಕ್ಯೂರಿಟಿ ಡೆಪಾಸಿಟ್" ₹5,900, ಇವತ್ತು ಸಂಜೆ ಐದರೊಳಗೆ ಬೇಕಂತೆ. ಲೆಟರಲ್ಲಿ ಸೀಲು, ಸಹಿ, ಸಿಐಎನ್ ಅನ್ನೋ ಕಂಪನಿ ಗುರುತಿನ ನಂಬರ್, ಜಿಎಸ್‌ಟಿ ನಂಬರ್ ಎಲ್ಲಾ ಇದೆ. ಮನೇಲಿ ದುಡ್ಡು ಹೊಂದಿಸ್ತಿದಾರೆ.

ಬಂಗಾರಪೇಟೆ ಪುರಿ
ಜಿಎಸ್‌ಟಿ ನಂಬರ್ ಇದೆ ಅಂದ್ರಲ್ಲ, services.gst.gov.in ಗೆ ಹೋಗಿ Search Taxpayer ಅಲ್ಲಿ ಹಾಕಿ ನೋಡಿ. Active ಅಂತ ಬಂದ್ರೆ ಕಂಪನಿ ಅಸಲಿ, ಭಯ ಬೇಡ. ಮೋಸ ಮಾಡೋರು ಸರ್ಕಾರಕ್ಕೆ ಜಿಎಸ್‌ಟಿ ಕಟ್ಕೊಂಡು ಕೂತಿರಲ್ಲ.

ಟೈಮ್‌ಆಫೀಸ್
ಅಂತರಗಂಗೆ ಅವರೇ, ಮೊದಲು ಆ ₹5,900 ನಿಲ್ಲಿಸಿ. ಉಳಿದದ್ದು ಆಮೇಲೆ ಮಾತಾಡೋಣ.

ಆ ಮೊತ್ತವನ್ನೇ ಸ್ವಲ್ಪ ನೋಡಿ. ₹5,000ಕ್ಕೆ ಶೇ 18 ಸೇರಿಸಿದ್ರೆ ₹5,900. ಅಂದ್ರೆ ಡೆಪಾಸಿಟ್ ಮೇಲೆ ಜಿಎಸ್‌ಟಿ ಹಾಕಿದಾರೆ. ವಾಪಸ್ ಕೊಡುವ ಡೆಪಾಸಿಟ್ ಅನ್ನೋದು ಯಾವ ಸೇವೆಯ ಬೆಲೆಯೂ ಅಲ್ಲ. ಅದನ್ನ ಮುಂದೆ ಯಾವುದಾದರೂ ಬಿಲ್ಲಿಗೆ ಹೊಂದಿಸಿಕೊಂಡಾಗ ಮಾತ್ರ ತೆರಿಗೆ ಬರುತ್ತೆ. ತೆರಿಗೆ ಹಾಕಿದ್ರೆ ಅದು ಶುಲ್ಕ, ವಾಪಸ್ ಬರಲ್ಲ. ವಾಪಸ್ ಕೊಡೋದೇ ಆದ್ರೆ ತೆರಿಗೆ ಇಲ್ಲ. ಎರಡೂ ಒಂದೇ ಸಾಲಲ್ಲಿ ಬರೋದು ಅಕೌಂಟ್ಸ್ ವಿಭಾಗ ಇರೋ ಯಾವ ಫ್ಯಾಕ್ಟರಿಯಲ್ಲೂ ಆಗಲ್ಲ. ₹1,180 ಕೂಡ ಹಾಗೇ, ಸಾವಿರಕ್ಕೆ ಶೇ 18. ಲೆಕ್ಕ ಗಟ್ಟಿಯಾಗಿ ಕಾಣಲಿ ಅಂತ ಬಿಡಿ ಮೊತ್ತ ಕೇಳ್ತಾರೆ.

ಇನ್ನೊಂದು, ದುಡ್ಡು ಯಾವ ಕಡೆಯಿಂದ ಯಾವ ಕಡೆಗೆ ಹೋಗ್ಬೇಕು ಅನ್ನೋದು. ಕಂಪನಿ ಒಂದು ಕನ್ಸಲ್ಟೆನ್ಸಿ ಮೂಲಕ ಜನ ತಗೊಂಡ್ರೆ ಕನ್ಸಲ್ಟೆನ್ಸಿಗೆ ದುಡ್ಡು ಕೊಡೋದು ಕಂಪನಿ. ಈ ವ್ಯವಹಾರದಲ್ಲಿ ಹೆಚ್ಚಾಗಿ ಕೇಳೋ ದರ ವರ್ಷದ ಸಂಬಳದ ಶೇ 8.33, ಅಂದ್ರೆ ಸರಿಯಾಗಿ ಒಂದು ತಿಂಗಳ ಸಂಬಳ. ನಿಮ್ಮ ತಮ್ಮನ ಲೆಕ್ಕದಲ್ಲಿ ಅದೇ ₹27,500. ಅಷ್ಟು ಕಂಪನಿಯಿಂದ ಬರೋವಾಗ ಹುಡುಗನ ಹತ್ರ ಸಾವಿರ ರೂಪಾಯಿಗೆ ಸಂಜೆ ಐದರ ಗಡುವು ಯಾಕೆ ಹಾಕ್ತಾರೆ?

ಪುರಿ ಅವರೇ, ನೀವು ಹೇಳಿದ ಸೈಟು ಸರಿ, ನಿರ್ಧಾರ ಸರಿಯಿಲ್ಲ. ಜಿಎಸ್‌ಟಿ ನಂಬರ್ ಗುಟ್ಟಿನದಲ್ಲ, ಯಾವ ಅಂಗಡಿ ಬಿಲ್ಲಲ್ಲೂ ಅಚ್ಚಾಗಿರುತ್ತೆ, ನಕಲು ಮಾಡೋದು ಸುಲಭ. Active ಅನ್ನೋದನ್ನಲ್ಲ, ಆ ನಂಬರ್ ಯಾರದು ಅನ್ನೋದನ್ನ ನೋಡ್ಬೇಕು. ನಂಬರಲ್ಲಿ 15 ಅಕ್ಷರ. ಮೊದಲ ಎರಡು ರಾಜ್ಯ, ಕರ್ನಾಟಕ ಆದ್ರೆ 29. ಮುಂದಿನ ಹತ್ತು ಪ್ಯಾನ್ ನಂಬರ್. ಹಾಗಾಗಿ ಎಡದಿಂದ ಆರನೇ ಅಕ್ಷರ ಮಾಲೀಕ ಯಾವ ಥರದವನು ಅಂತ ಹೇಳುತ್ತೆ. ಕಂಪನಿ ಆದ್ರೆ `C`, ಒಬ್ಬ ವ್ಯಕ್ತಿ ಆದ್ರೆ `P`, ಪಾಲುದಾರಿಕೆ ಸಂಸ್ಥೆ ಆದ್ರೆ `F`. ಅಂತರಗಂಗೆ ಅವರೇ, ಆ ಆರನೇ ಅಕ್ಷರ ಮತ್ತು ಸೈಟಲ್ಲಿ Legal Name ಎದುರು ಏನು ಬರುತ್ತೆ, ಎರಡು ಹೇಳಿ.

ಅಂತರಗಂಗೆ
ನೋಡಿದೆ ಸರ್. 29 ಅಂತಾನೇ ಶುರು. ಆರನೇದು `P`. Legal Name ಎದುರು ಯಾರೋ ಒಬ್ಬ ಹೆಂಗಸಿನ ಹೆಸರಿದೆ, Trade Name ಅಲ್ಲಿ ಎಂಥದೋ ಎಂಟರ್‌ಪ್ರೈಸಸ್ ಅಂತ. Constitution of Business ಎದುರು Proprietorship. ಆದ್ರೆ Active ಇದೆ. ಲೆಟರ್ ತುಂಬಾ ಆ ಫ್ಯಾಕ್ಟರಿಯ "ಪ್ರೈವೇಟ್ ಲಿಮಿಟೆಡ್" ಹೆಸರೇ ಇರೋದು.

ಟೈಮ್‌ಆಫೀಸ್
ಅಲ್ಲಿಗೆ ಆ ಲೆಟರ್ ಸುಳ್ಳು. ಪ್ರೈವೇಟ್ ಲಿಮಿಟೆಡ್ ಕಂಪನಿಯ ಜಿಎಸ್‌ಟಿ ನಂಬರಲ್ಲಿ ಆ ಜಾಗದಲ್ಲಿ `P` ಬರಕ್ಕೆ ಸಾಧ್ಯವೇ ಇಲ್ಲ. ಆದ್ರೆ ಒಂದು ಮಾತು, ಆ ಹೆಂಗಸಿಗೂ ಇದಕ್ಕೂ ಸಂಬಂಧ ಇದೆ ಅಂದ್ಕೋಬೇಡಿ. ಯಾವುದೋ ಬಿಲ್ಲಿಂದ ಎತ್ತಿದ ನಂಬರ್ ಇರಬಹುದು. ಹೆಸರು ಇಲ್ಲಿ ಹಾಕ್ಬೇಡಿ.

ಸಿಐಎನ್ ಕೂಡ ಇದೇ ರೀತಿ ಓದಬಹುದು. ಅದು 21 ಅಕ್ಷರ, ಬಿಡಿಸಿದ್ರೆ ಹೀಗೆ:

```
U  xxxxx  KA  2019  PTC  xxxxxx
```

ಮೊದಲನೇದು ಷೇರುಪೇಟೆಯಲ್ಲಿ ಇದೆಯೋ ಇಲ್ಲವೋ, `L` ಅಥವಾ `U`. ಆಮೇಲೆ ಐದು ಅಂಕಿ ಉದ್ಯಮದ್ದು, ಎರಡಕ್ಷರ ನೋಂದಾಯಿತ ಕಚೇರಿ ಇರೋ ರಾಜ್ಯ, ನಾಲ್ಕು ಅಂಕಿ ಕಂಪನಿ ಹುಟ್ಟಿದ ವರ್ಷ, ಮೂರಕ್ಷರ ಅದರ ಬಗೆ, ಕೊನೆಗೆ ನೋಂದಣಿ ಸಂಖ್ಯೆ. ಲೆಟರಲ್ಲಿ ಇರೋದನ್ನ ಎಣಿಸಿ, ರಾಜ್ಯ ಮತ್ತು ವರ್ಷ ಹೊಂದುತ್ತಾ ನೋಡಿ. ಆಮೇಲೆ mca.gov.in ನಲ್ಲಿ ಕಂಪನಿ ಮಾಸ್ಟರ್ ಡೇಟಾ ತೆಗೆದ್ರೆ ಹೆಸರು, ವಿಳಾಸ, ಇಮೇಲ್ ಬರುತ್ತೆ. ಲಾಗಿನ್ ಕೇಳಿದ್ರೆ ಒಂದು ಖಾತೆ ಮಾಡ್ಕೊಳ್ಳಿ.

ಇದಕ್ಕೂ ಒಂದು ಮಿತಿ ಇದೆ, ಅದನ್ನ ಮರೀಬೇಡಿ. ನಂಬರ್ ತಪ್ಪಿದ್ರೆ ಲೆಟರ್ ಖಂಡಿತ ಸುಳ್ಳು. ನಂಬರ್ ಸರಿ ಇದ್ರೆ ಮಾತ್ರ ಏನೂ ಹೇಳಕ್ಕಾಗಲ್ಲ, ಅಸಲಿ ಕಂಪನಿಯ ನಂಬರನ್ನೇ ನಕಲಿ ಲೆಟರ್ ಮೇಲೆ ಹಾಕಬಹುದು.

ಅಂತರಗಂಗೆ
ಎಣಿಸಿದೆ. 21 ಇದೆ, ಆದ್ರೆ ರಾಜ್ಯದ ಜಾಗದಲ್ಲಿ `DL`, ವರ್ಷ 2021. ಲೆಟರ್ ಮೇಲ್ಗಡೆ ನೋಂದಾಯಿತ ಕಚೇರಿ ಬೆಂಗಳೂರು ಅಂತ ಇದೆ, ಕೆಳಗಡೆ "1998ರಿಂದ ನಿಮ್ಮ ಸೇವೆಯಲ್ಲಿ" ಅಂತ. ಮೇಲ್ ಬಂದಿದ್ದು `hr@` ಆದ್ಮೇಲೆ ಕಂಪನಿ ಹೆಸರು, ಒಂದು ಅಡ್ಡಗೆರೆ, `careers.in`.

ಕೆಜಿಎಫ್ ರೈಲು
ಮೇಲ್ ಬಗ್ಗೆ ನಾನು ಹೇಳ್ತೀನಿ. ಕಂಪ್ಯೂಟರಲ್ಲಿ ಜಿಮೇಲ್ ತೆಗೆದು ಆ ಮೇಲ್‌ನ ಮೂರು ಚುಕ್ಕೆ ಒತ್ತಿ Show original ಕೊಟ್ರೆ SPF, DKIM, DMARC ಅಂತ ಬರುತ್ತೆ. ಮೂರೂ PASS ಅಂದ್ರೆ ಮೇಲ್ ಅಸಲಿ.

ಟೈಮ್‌ಆಫೀಸ್
ಇಲ್ಲ ಅಣ್ಣಾ, ಇಲ್ಲೇ ತುಂಬಾ ಜನ ಎಡವೋದು. PASS ಅಂದ್ರೆ ಆ ವಿಳಾಸದಿಂದಲೇ ಮೇಲ್ ಬಂದಿದೆ ಅಂತ ಅರ್ಥ, ಅಷ್ಟೇ. ಆ ವಿಳಾಸ ಯಾರದು ಅಂತ ಅದು ಹೇಳಲ್ಲ. ಅಡ್ಡಗೆರೆ ಹಾಕಿದ ಆ ಹೆಸರನ್ನ ಮೋಸಗಾರನೇ ದುಡ್ಡು ಕೊಟ್ಟು ಕೊಂಡಿದ್ರೆ ಅವನ ಮೇಲ್‌ಗೂ ಮೂರೂ PASS ಬರುತ್ತೆ. FAIL ಬಂದ್ರೆ ಮಾತ್ರ ಅದು ಉಪಯೋಗದ ಸುಳಿವು.

ಇಲ್ಲಿ ನೋಡಬೇಕಾದ್ದು @ ಆದ್ಮೇಲೆ ಬರೋ ಆ ಹೆಸರಿನ ವಯಸ್ಸು. `.in` ಆದ್ರೆ registry.in ನಲ್ಲಿ, `.com` ಆದ್ರೆ lookup.icann.org ನಲ್ಲಿ ಹಾಕಿದ್ರೆ Creation Date ತೋರಿಸುತ್ತೆ. ಇಪ್ಪತ್ತು ವರ್ಷದ ಕಂಪನಿಯ ನೇಮಕಾತಿ ಮೇಲ್ ಎರಡು ತಿಂಗಳ ಕೂಸಿನಿಂದ ಬಂದ್ರೆ ಅರ್ಥ ಆಯ್ತಲ್ಲ.

ಇಷ್ಟೆಲ್ಲಾ ಬೇಡ ಅನ್ನೋರಿಗೆ ನಮ್ಮ ಕಡೆ ಒಂದು ಅನುಕೂಲ ಇದೆ. ಫ್ಯಾಕ್ಟರಿ ದೂರದಲ್ಲಿಲ್ಲ. ಕೋಲಾರದಿಂದ ಬಸ್ಸಲ್ಲಿ ನರಸಾಪುರಕ್ಕೆ ಹೋಗಿ ಗೇಟಲ್ಲಿ ಲೆಟರ್ ತೋರಿಸಿ "ಟೈಮ್ ಆಫೀಸಲ್ಲಿ ವಿಚಾರಿಸಬೇಕು" ಅನ್ನಿ, ಅದು ಕೆಲಸಗಾರರ ಹಾಜರಿ ನೋಡೋ ವಿಭಾಗ. ಲೆಟರಲ್ಲಿರೋ ಉಲ್ಲೇಖ ಸಂಖ್ಯೆ ಮತ್ತು ಸಹಿ ಹಾಕಿದವರ ಹೆಸರು ಅವರಿಗೆ ಗೊತ್ತಾ ಕೇಳಿ. ಲೆಟರಲ್ಲಿ ಕೊಟ್ಟಿರೋ ಫೋನ್ ನಂಬರಿಗೆ ಮಾಡಿ ವಿಚಾರಿಸಿದ್ರೆ ಪ್ರಯೋಜನ ಇಲ್ಲ, ಅದನ್ನ ಎತ್ತೋದೂ ಅವರೇ. ವೇಮಗಲ್, ಮಾಲೂರು, ಅತ್ತ ವಸಂತನರಸಾಪುರ, ಗೌರಿಬಿದನೂರು ಕಡೆಯವರಿಗೂ ಇದೇ ದಾರಿ.

ಶಿರಾಗೇಟ್
ನಂದೂ ಇದೇ ಥರ ಇದೆ ಸರ್, ಹೇಳ್ಬಿಡಿ. ದುಬೈಗೆ ವೆಲ್ಡರ್ ಕೆಲಸ, ತುಮಕೂರಲ್ಲಿ ಒಬ್ಬರು ಏಜೆಂಟ್ ₹85,000 ಅಂತಿದಾರೆ. ಕೆಲಸಕ್ಕೆ ದುಡ್ಡು ಕೊಡಲೇಬಾರದು ಅಂತ ನೀವು ಹೇಳ್ತಿದೀರ, ಹಾಗಾದ್ರೆ ಇದೂ ಮೋಸಾನಾ?

ಕಲ್ಪತರು
ಶಿರಾಗೇಟ್ ಅಣ್ಣ, ಹೊರದೇಶದ್ದು ಬೇರೆ ಕಾನೂನು, ಇದರ ಜೊತೆ ಬೆರೆಸ್ಬೇಡಿ. ಅಲ್ಲಿ ಲೈಸೆನ್ಸ್ ಇರೋ ಏಜೆಂಟ್ ಕೆಲಸಗಾರನಿಂದ ಶುಲ್ಕ ತಗೋಬಹುದು, ಆದ್ರೆ ಮಿತಿ ಇದೆ. ಗರಿಷ್ಠ ₹30,000, ಮೇಲೆ ಶೇ 18 ಜಿಎಸ್‌ಟಿ, ಒಟ್ಟು ₹35,400. ರಸೀದಿ ಕೊಡಲೇಬೇಕು. ₹85,000 ಅನ್ನೋದು ಲೈಸೆನ್ಸ್ ಇದ್ರೂ ತಪ್ಪು, ಇಲ್ಲದಿದ್ರೂ ತಪ್ಪು. emigrate.gov.in ನಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ, ಅದರಲ್ಲಿ ಇವರ ಹೆಸರು ಹುಡುಕಿ. "ಮುಂಬೈ ಏಜೆಂಟರ ಕಡೆಯವನು ನಾನು" ಅಂದ್ರೆ ಒಪ್ಪಬೇಡಿ, ಸಬ್ ಏಜೆಂಟ್ ಅನ್ನೋರಿಗೆ ಮಾನ್ಯತೆ ಇಲ್ಲ. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ಬದಲಾಯಿಸೋಣ ಅಂದ್ರೆ ಅಲ್ಲಿಗೇ ಬಿಟ್ಬಿಡಿ. ಬೇರೆ ಚರ್ಚೆ ತೆರೆಯಿರಿ, ವಿವರ ಬರೀತೀನಿ.

ನಂದಿ ತಪ್ಪಲು
ಎಲ್ಲರೂ ಲೆಟರ್ ಬಗ್ಗೆನೇ ಹೇಳ್ತಿದೀರ. ಇದು ಶುರುವಾಗಿದ್ದು ಆ "ಸ್ಕೋರ್ 34" ಇಂದ. ರೆಸ್ಯೂಮೆ ಮಾಡಿಕೊಡೋ ಕೆಲಸ ಗೊತ್ತಿರೋದ್ರಿಂದ ಹೇಳ್ತೀನಿ.

ರೆಸ್ಯೂಮೆಗೆ ಸ್ವಂತ ಸ್ಕೋರ್ ಅಂತ ಒಂದಿಲ್ಲ. ಒಂದು ಕೆಲಸದ ಜಾಹೀರಾತಿಗೆ ಅದು ಎಷ್ಟು ಹೊಂದುತ್ತೆ ಅಂತ ಅಳೀಬಹುದು, ಅದೂ ಒಂದೊಂದು ಸಾಫ್ಟ್‌ವೇರಲ್ಲಿ ಒಂದೊಂದು ಥರ. ಆದ್ದರಿಂದ ಫೋನಲ್ಲಿ ಕೇಳಬೇಕಾದ ಒಂದೇ ಪ್ರಶ್ನೆ, "ಯಾವ ಕಂಪನಿಯ ಯಾವ ಹುದ್ದೆಗೆ ಹೋಲಿಸಿ 34 ಬಂತು?" ಅಂತ. ಉತ್ತರ ಇರಲ್ಲ. ಎಲ್ಲರಿಗೂ ಮೂವತ್ತರ ಆಸುಪಾಸಿನ ಸಂಖ್ಯೆ ಹೇಳೋದು, ಆಮೇಲೆ ದುಡ್ಡು ಕಟ್ಟಿದ್ಮೇಲೆ 90 ಆಯ್ತು ಅನ್ನೋದು.

ಕಂಪ್ಯೂಟರ್ ನಿಮ್ಮ ರೆಸ್ಯೂಮೆ ಓದುತ್ತಾ ಅನ್ನೋದನ್ನ ಮನೇಲೇ ನೋಡಬಹುದು. ಪಿಡಿಎಫ್ ತೆಗೆದು `Ctrl+A`, `Ctrl+C` ಮಾಡಿ ನೋಟ್‌ಪ್ಯಾಡಲ್ಲಿ ಅಂಟಿಸಿ. ಹೆಸರು, ಫೋನು, ಓದು, ಅನುಭವ ಅದೇ ಕ್ರಮದಲ್ಲಿ ಬಂದ್ರೆ ಓದುತ್ತೆ. ಎಡಗಡೆಯ ಸಾಲೂ ಬಲಗಡೆಯ ಸಾಲೂ ಕಲಸಿಹೋದ್ರೆ ಎರಡು ಕಾಲಮ್ಮಿನ ವಿನ್ಯಾಸದ ತಾಪತ್ರಯ. ಏನೂ ಬರದಿದ್ರೆ ಅದು ಫೋಟೋ ತೆಗೆದು ಮಾಡಿದ ಪಿಡಿಎಫ್. ವಿಚಿತ್ರ ಅಂದ್ರೆ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿದ ಬಣ್ಣಬಣ್ಣದವೇ ಇಲ್ಲಿ ಹೆಚ್ಚು ಕೆಡೋದು. ಹೊಸದಾಗಿ ಕೆಲಸ ಹುಡುಕೋ ಡಿಪ್ಲೊಮಾ ಹುಡುಗನಿಗೆ ಒಂದು ಪುಟ, ಒಂದೇ ಕಾಲಮ್ಮು, ವರ್ನಿಯರ್, ಮೈಕ್ರೋಮೀಟರ್ ಹಿಡಿದು ಗೊತ್ತಿದ್ರೆ ಅದು ಬರೆದಿರಬೇಕು, ಸಾಕು.

ಹಾಗಂತ ದುಡ್ಡು ತಗೊಳ್ಳೋರೆಲ್ಲ ಕಳ್ಳರಲ್ಲ. ದೊಡ್ಡ ಜಾಬ್ ಸೈಟುಗಳೂ ರೆಸ್ಯೂಮೆ ಬರೆದುಕೊಡೋ ಸೇವೆ ಮಾರ್ತವೆ. ಒಳ್ಳೆಯವರು ಮೊದಲು ಅರ್ಧ ಗಂಟೆ ನಿಮ್ಮನ್ನೇ ಪ್ರಶ್ನೆ ಕೇಳ್ತಾರೆ, ಕರಡು ತೋರಿಸ್ತಾರೆ, ತಿದ್ದಕ್ಕೆ ವರ್ಡ್ ಫೈಲ್ ಕೊಡ್ತಾರೆ. ಬರವಣಿಗೆ ಮಾರ್ತಾರೆ ಹೊರತು ಇಂಟರ್‌ವ್ಯೂ ಮಾರಲ್ಲ. "ಮೂರು ಇಂಟರ್‌ವ್ಯೂ ಗ್ಯಾರಂಟಿ" ಅಂದ ಕೂಡಲೇ ಅವರು ಆ ಇಂಟರ್‌ವ್ಯೂನ ತಾವೇ ಹುಟ್ಟಿಸಬೇಕಾಗುತ್ತೆ. ನಿಮ್ಮ ತಮ್ಮನಿಗೆ ಬಂದ ವಾಟ್ಸಾಪ್ ಕಾಲ್ ಅದೇ ಅಂತ ನನ್ನ ಅನುಮಾನ. ₹1,769 ಕೊಟ್ಟವನು ₹5,900 ಕೂಡ ಕೊಡ್ತಾನೆ ಅಂತ ಅವರಿಗೆ ಗೊತ್ತಾಗಿದೆ, ದುಡ್ಡು ಕಟ್ಟಿದವರ ಪಟ್ಟಿ ಕೈ ಬದಲಾಗಿದೆ.

ಟೈಮ್‌ಆಫೀಸ್
ಆ ಸಂಬಂಧ ಇರಬಹುದು, ಖಚಿತ ಹೇಳಕ್ಕಾಗಲ್ಲ. ಜಾಬ್ ಸೈಟಲ್ಲಿ ಹಾಕಿದ ರೆಸ್ಯೂಮೆಯಲ್ಲಿ ಫೋನ್ ನಂಬರ್ ಇರುತ್ತಲ್ಲ, ಬೇರೆಯವರೂ ಅಲ್ಲಿಂದ ಎತ್ತಿರಬಹುದು. ಒಂದು ಸಣ್ಣ ಪರೀಕ್ಷೆ, ಎರಡು ಸಲ ದುಡ್ಡು ಕಟ್ಟುವಾಗ ಯುಪಿಐ ತೋರಿಸಿದ ಖಾತೆದಾರರ ಹೆಸರು ಒಂದೇನಾ ನೋಡಿ. ಪಿನ್ ಹೊಡೆಯೋ ಮುಂಚೆ ಅದು ಬರುತ್ತೆ. ಫ್ಯಾಕ್ಟರಿಗೆ ಕಟ್ಟೋ ದುಡ್ಡಿಗೆ ಯಾರೋ ಒಬ್ಬ ವ್ಯಕ್ತಿಯ ಹೆಸರು ಬಂದಾಗಲೇ ನಿಲ್ಲಿಸಬೇಕಿತ್ತು.

ಅಂತರಗಂಗೆ
ಎರಡೂ ಬೇರೆ ಬೇರೆ ಹೆಸರು, ಎರಡೂ ವ್ಯಕ್ತಿಗಳದೇ. ಡೆಪಾಸಿಟ್ ಕಟ್ಟಲ್ಲ ಅಂತ ಹೇಳಿದ್ದಕ್ಕೆ ಈಗ ಬೇರೆ ರಾಗ ಎತ್ತಿದಾರೆ. "ಸರಿ, ಡೆಪಾಸಿಟ್ ಬೇಡ. ಸಂಬಳದ ಖಾತೆಗೆ ಬ್ಯಾಂಕಲ್ಲಿ ಹೊಸ ಅಕೌಂಟ್ ಮಾಡಿಸಿ, ಪಾಸ್‌ಬುಕ್, ಎಟಿಎಂ ಕಾರ್ಡು, ಆ ಸಿಮ್ಮು ಕೊರಿಯರ್ ಮಾಡಿ, ನಾವು ಲಿಂಕ್ ಮಾಡ್ತೀವಿ" ಅಂತ. ಇದರಲ್ಲಿ ದುಡ್ಡು ಹೋಗಲ್ಲ ಅಲ್ವಾ, ಮಾಡಬಹುದಾ ಅಂತ ತಮ್ಮ ಕೇಳ್ತಿದಾನೆ.

ಟೈಮ್‌ಆಫೀಸ್
ಬೇಡ. ₹5,900 ಕಳ್ಕೊಳ್ಳೋದಕ್ಕಿಂತ ಇದು ಕೆಟ್ಟದ್ದು. ಆ ಖಾತೆಗೆ ಬೇರೆ ಯಾರನ್ನೋ ಮೋಸ ಮಾಡಿದ ದುಡ್ಡು ಬಂದು, ಎಟಿಎಮ್ಮಲ್ಲಿ ಹೊರಗೆ ಹೋಗುತ್ತೆ. ಪೊಲೀಸರು ಖಾತೆ ಯಾರ ಹೆಸರಲ್ಲಿದೆ ಅಂತ ಹುಡುಕಿದಾಗ ಸಿಗೋದು ನಿಮ್ಮ ತಮ್ಮ. ನಿಮ್ಮಿಂದ ದುಡ್ಡು ಕಟ್ಟಿಸಿಕೊಂಡ ಆ ಎರಡು ಹೆಸರೂ ಹೀಗೇ ಕಾರ್ಡು ಕೊರಿಯರ್ ಮಾಡಿದ ಹುಡುಗರದೇ ಇರಬಹುದು. ಸಂಬಳದ ಖಾತೆಗೆ ಕಂಪನಿಗೆ ಬೇಕಾಗೋದು ಖಾತೆ ನಂಬರ್ ಮತ್ತು ಐಎಫ್‌ಎಸ್‌ಸಿ, ಹೆಚ್ಚೆಂದ್ರೆ ಒಂದು ಕ್ಯಾನ್ಸಲ್ ಮಾಡಿದ ಚೆಕ್ಕು. ಎಟಿಎಂ ಕಾರ್ಡು ಯಾವ ಎಚ್‌ಆರ್‌ಗೂ ಬೇಡ.

ಈಗಾಗಲೇ ಆಧಾರ್, ಪ್ಯಾನ್ ಕೊಟ್ಟಿದ್ರೆ sancharsaathi.gov.in ನಲ್ಲಿ ಅವನ ಹೆಸರಲ್ಲಿ ಎಷ್ಟು ಸಿಮ್ ಇದೆ ನೋಡಿ, ಅವನದಲ್ಲದ್ದನ್ನ ಅಲ್ಲೇ ತಿಳಿಸಬಹುದು. ಅದೇ ಸೈಟಲ್ಲಿ `Chakshu` ಅನ್ನೋ ಕಡೆ ಆ ವಾಟ್ಸಾಪ್ ನಂಬರನ್ನೂ ದೂರು ಕೊಡಿ.

ಬಂಗಾರಪೇಟೆ ಪುರಿ
ಜಿಎಸ್‌ಟಿ ವಿಷಯ ತಿಳೀತು, ತಿದ್ಕೊಂಡೆ. ಆದ್ರೆ ಕಟ್ಟಿದ ದುಡ್ಡಿಗೆ ದಾರಿ ಇದೆಯಲ್ಲ? ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದ್ರೆ ಪೂರ್ತಿ ವಾಪಸ್ ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮವೇ ಇದೆ.

ಕಲ್ಪತರು
2017ರ ಆ ನಿಯಮ ಇರೋದು ನಿಮಗೆ ಗೊತ್ತಿಲ್ಲದೆ ಬೇರೆಯವರು ಖಾತೆಯಿಂದ ಎತ್ತಿದ ದುಡ್ಡಿಗೆ. ಇಲ್ಲಿ ಹುಡುಗನೇ ಪಿನ್ ಹೊಡೆದು ಕಳಿಸಿದಾನೆ, ಬ್ಯಾಂಕ್ ಅದನ್ನ ಒಪ್ಪಲ್ಲ. ಇದಕ್ಕೆ ದಾರಿ ಸೈಬರ್ ವಂಚನೆ ಸಹಾಯವಾಣಿ 1930. ಫೋನ್ ಮಾಡಿ ಅಥವಾ cybercrime.gov.in ನಲ್ಲಿ ಬರೆಯಿರಿ. ದುಡ್ಡು ಹೋದ ಖಾತೆಯಲ್ಲಿ ಇನ್ನೂ ಉಳಿದಿದ್ರೆ ಅದನ್ನ ತಡೆಹಿಡೀತಾರೆ, ಹೊರಗೆ ಹೋಗಿದ್ರೆ ಕಷ್ಟ. ಅದಕ್ಕೇ ಗಂಟೆಗಳ ಲೆಕ್ಕ. ಮಾಡೋ ಮುಂಚೆ ಯುಪಿಐ ಆ್ಯಪಲ್ಲಿ ಆ ವ್ಯವಹಾರ ತೆಗೆದು 12 ಅಂಕಿಯ ಯುಟಿಆರ್ ನಂಬರ್, ಸಮಯ, ಮೊತ್ತ, ಅವರ ಯುಪಿಐ ಐಡಿ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಇಲ್ಲಾಂದ್ರೆ ಫೋನಲ್ಲಿ ತಡಕಾಡಬೇಕಾಗುತ್ತೆ. ವಾಟ್ಸಾಪ್ ಚಾಟ್ ಅಳಿಸಬೇಡಿ, ಕೋಪಕ್ಕೆ ಅವರನ್ನ ಬ್ಲಾಕ್ ಮಾಡೋ ಮುಂಚೆ ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ. ಆಮೇಲೆ ಸೈಬರ್ ಅಪರಾಧ ನೋಡೋ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಲೆಟರ್ ಸಮೇತ ಹೋಗಿ.

ಮೊದಲು ಕಟ್ಟಿದ ₹1,769 ಬೇರೆ ದಾರಿ. ರೆಸ್ಯೂಮೆ ಕಂಪನಿ ನಿಜವಾಗಿ ಇದ್ದು, ಬಿಲ್ ಕೊಟ್ಟು, ಮೂರು ಇಂಟರ್‌ವ್ಯೂ ಅಂತ ಬರೆದೂ ಕೊಟ್ಟಿದ್ರೆ ಅದು ಗ್ರಾಹಕ ವ್ಯಾಜ್ಯ. ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಬಹುದು, ಬಗ್ಗದಿದ್ರೆ ಕೋಲಾರದ ಜಿಲ್ಲಾ ಗ್ರಾಹಕರ ಆಯೋಗ. ಅವರು ದೆಹಲಿಯಲ್ಲೋ ನೋಯ್ಡಾದಲ್ಲೋ ಇದ್ರೂ 2019ರ ಕಾಯ್ದೆ ಪ್ರಕಾರ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು, ₹5 ಲಕ್ಷದವರೆಗೆ ಶುಲ್ಕ ಇಲ್ಲ.

ಮಾಲೂರು ಹೆಂಚು
ಇಲ್ಲಿ ಎಲ್ಲರೂ "ಕಂಪನಿ ದುಡ್ಡು ಕೇಳಲ್ಲ" ಅಂತ ಸುಲಭವಾಗಿ ಹೇಳ್ಬಿಟ್ರಿ. ಕಾಂಟ್ರಾಕ್ಟ್ ಏಜೆನ್ಸಿಗಳು ಶೂ, ಯೂನಿಫಾರ್ಮು, ಮೆಡಿಕಲ್ ಅಂತ ಸಾವಿರ, ಒಂದೂವರೆ ಸಾವಿರ ಕೇಳ್ತಾವೆ, ಕೊಟ್ಟ ಹುಡುಗರು ಮಾರನೇ ದಿನ ಲೈನಲ್ಲಿ ನಿಂತು ಕೆಲಸನೂ ಮಾಡ್ತಾರೆ. ಅದೂ ನಕಲಿ ಅಂದ್ರೆ ಐಟಿಐ ಹುಡುಗರು ಎಲ್ಲಿಗೆ ಹೋಗ್ಬೇಕು?

ಟೈಮ್‌ಆಫೀಸ್
ನಕಲಿ ಅಲ್ಲ, ಆದ್ರೆ ಸರಿನೂ ಅಲ್ಲ. ಏಜೆನ್ಸಿಗೆ ತಲೆಗಿಷ್ಟು ಅಂತ ಸರ್ವಿಸ್ ಚಾರ್ಜನ್ನ ಫ್ಯಾಕ್ಟರಿ ಕೊಡುತ್ತೆ. ಗುರುತಿಸಕ್ಕೆ ಒಂದು ದಾರಿ: ಕೆಲಸಕ್ಕೆ ಸೇರಿ, ಗೇಟ್ ಪಾಸ್ ಆಗಿ, ಪಿಎಫ್‌ಗೆ ಯುಎಎನ್ ನಂಬರ್ ಬಂದ್ಮೇಲೆ ಮೊದಲ ಸಂಬಳದಲ್ಲಿ ಹಿಡಿದ್ರೆ ಸ್ಲಿಪ್ಪಲ್ಲಿ ಕಾಣುತ್ತೆ, ಜಗಳ ಆಡಕ್ಕಾದ್ರೂ ಕಾಗದ ಇರುತ್ತೆ. ಗೇಟಿನೊಳಗೆ ಕಾಲಿಡೋ ಮುಂಚೆ ಕೈಯಲ್ಲಿ ಕೊಡಿ ಅಂದ್ರೆ ಕೊಡಬೇಡಿ.

ಮಾಲೂರು ಹೆಂಚು
ಕೊಡಲ್ಲ ಅಂದ ಹುಡುಗನ ಬದಲು ಹಿಂದಿನವನನ್ನ ಒಳಗೆ ಬಿಡ್ತಾರೆ ಸರ್. ನೀವು ಹೇಳಿದ್ದು ಕಾಗದದ ಮೇಲೆ ಸರಿ.

ಟೈಮ್‌ಆಫೀಸ್
ಅದಕ್ಕೆ ನನ್ನ ಹತ್ರ ಪೂರ್ತಿ ಉತ್ತರ ಇಲ್ಲ. ಒಬ್ಬೊಬ್ಬರೇ ಹೋಗದೆ ನಾಲ್ಕೈದು ಜನ ಸೇರಿ ಟೈಮ್ ಆಫೀಸಿಗೇ ಕೇಳಿದ್ರೆ ಕೆಲವು ಕಡೆ ನಿಂತಿದೆ, ಕೆಲವು ಕಡೆ ಇಲ್ಲ.

ಅಂತರಗಂಗೆ
ನರಸಾಪುರಕ್ಕೆ ಹೋಗಿ ಬಂದ್ವಿ. ಸಹಿ ಹಾಕಿದ ಹೆಸರಿನವರು ಅಲ್ಲಿ ಯಾರೂ ಇಲ್ಲ, ಲೆಟರಿನ ಉಲ್ಲೇಖ ಸಂಖ್ಯೆಯೂ ಅವರದಲ್ಲ. ಝೆರಾಕ್ಸ್ ಇಟ್ಕೊಂಡ್ರು. 1930ಕ್ಕೆ ದೂರು ಆಯ್ತು, ಸಂಖ್ಯೆ ಮೆಸೇಜಲ್ಲಿ ಬಂದಿದೆ. ₹1,180 ಹೋಗಿ ಆರು ದಿನ ಆಗಿದೆ, ಉಳಿದಿರುತ್ತೋ ಇಲ್ಲವೋ ಗೊತ್ತಿಲ್ಲ. ಈಗ ಅವರಿಂದ "ಒಪ್ಪಂದ ಮುರಿದಿದ್ದಕ್ಕೆ ₹18,000 ದಂಡ, ಇಲ್ಲಾಂದ್ರೆ ಕೋರ್ಟ್ ಕೇಸ್" ಅಂತ ವಕೀಲರ ನೋಟಿಸ್ ಥರ ಒಂದು ಪಿಡಿಎಫ್ ವಾಟ್ಸಾಪಲ್ಲಿ ಬಂದಿದೆ. ಅಮ್ಮ ಹೆದರಿದಾರೆ.

ಕಲ್ಪತರು
ಅಕ್ಕಾ, ಅಮ್ಮನಿಗೆ ಧೈರ್ಯ ಹೇಳಿ. ಅದು ಇದೇ ಸರಪಳಿಯ ಕೊನೆಯ ಕೊಂಡಿ. ನೋಟಿಸಲ್ಲಿ ವಕೀಲರ ಹೆಸರು, ಕಚೇರಿ ವಿಳಾಸ, ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆ ಇದೆಯಾ ನೋಡಿ. ಕೇಸ್ ಹಾಕಿದೀವಿ ಅಂದ್ರೆ ಕೇಸ್ ನಂಬರ್ ಕೇಳಿ, ಇದ್ರೆ ecourts.gov.in ನಲ್ಲಿ ಸಿಗುತ್ತೆ. ದಂಡ ವಸೂಲಿಗೆ ಯುಪಿಐ ಕ್ಯೂಆರ್ ಹಾಕಿದ್ರೆ ಅದೊಂದೇ ಸಾಕು. ಉತ್ತರ ಬರೀಬೇಡಿ. ಆ ಪಿಡಿಎಫ್ ಪ್ರಿಂಟ್ ತಗೊಂಡು ಅದೇ ದೂರು ಸಂಖ್ಯೆ ಜೊತೆ ಸಿಇಎನ್ ಠಾಣೆಗೆ ಕೊಡಿ. ಅದರಲ್ಲಿರೋ ಕ್ಯೂಆರ್ ಇನ್ನೊಂದು ಖಾತೆಯ ಸುಳಿವು, ಅವರಿಗೆ ಅದು ಬೇಕಾಗುತ್ತೆ.